ಕೈ ಜೋಮು, ತಲೆ ಸುತ್ತು: ಉಸಿರು ಮಿತಿಮೀರಿದಾಗ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಂದಾಯದ ಲೆಕ್ಕದಲ್ಲಿ ತುಮಕೂರು ಜಿಲ್ಲೆಯ ನಾಲ್ಕು ತಾಲ್ಲೂಕುಗಳು. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮಾತ್ರ ಈ ನಾಲ್ಕೂ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಜಿಲ್ಲಾವಾರು ಪಟ್ಟಿಯಲ್ಲಿ ಮಧುಗಿರಿ ಎಷ್ಟನೆಯದು ಎಂದು ಮೊದಲು ಹುಡುಕುವವರು ಇಲ್ಲಿನ ಮೇಷ್ಟ್ರುಗಳು. ಆ ಸ್ಥಾನದ ಒತ್ತಡ ಹೆಡ್‌ಮಾಸ್ಟರಿಂದ ಮೇಷ್ಟ್ರಿಗೆ, ಮೇಷ್ಟ್ರಿಂದ ಮಕ್ಕಳಿಗೆ ಇಳಿಯುತ್ತದೆ. ಮಾರ್ಚ್ ತಿಂಗಳ ಬಿಸಿಲಲ್ಲಿ ಪರೀಕ್ಷಾ ಕೊಠಡಿ ನೋಡಿಕೊಂಡವರಿಗೆ ಈ ಕೆಳಗಿನ ದೃಶ್ಯ ಹೊಸದಾಗಿರಲಾರದು.

ಗಣಿತದ ಪತ್ರಿಕೆ ಕೊಟ್ಟು ಹತ್ತು ನಿಮಿಷ ಆಗಿರುತ್ತದೆ. ಮೂರನೇ ಬೆಂಚಿನ ಹುಡುಗಿ ಪೆನ್ನು ಕೆಳಗಿಟ್ಟು ಕೈ ಉಜ್ಜಿಕೊಳ್ಳುತ್ತಾಳೆ. ಎದೆ ಏರಿಳಿಯುತ್ತಿದೆ. "ಮಿಸ್, ಉಸಿರು ಕಟ್ತಾ ಇದೆ. ಕೈಯೆಲ್ಲಾ ಜುಮ್ ಅಂತಿದೆ." ಬಾಯಿಯ ಸುತ್ತ ಮರಗಟ್ಟಿದಂತಾಗಿ ಮಾತು ತೊದಲುತ್ತದೆ, ಕಣ್ಣು ಕತ್ತಲಿಡುತ್ತದೆ. ಇನ್ನೆರಡು ನಿಮಿಷಕ್ಕೆ ಬೆರಳುಗಳು ನೆಟ್ಟಗೆ ಸೆಟೆದು ಒಂದಕ್ಕೊಂದು ಅಂಟಿಕೊಂಡು, ಹೆಬ್ಬೆರಳು ಅಂಗೈಯೊಳಗೆ ಮಡಚಿಕೊಂಡು, ಮಣಿಕಟ್ಟು ಒಳಕ್ಕೆ ಬಾಗುತ್ತದೆ. ಅದನ್ನು ನೋಡಿದ ಹುಡುಗಿಗೆ ಗಾಬರಿ ಇಮ್ಮಡಿ. ಅಷ್ಟರಲ್ಲಿ ಯಾರೋ ನೀರು ಚಿಮುಕಿಸುತ್ತಾರೆ, ಇನ್ಯಾರೋ ಕೈಗೆ ಬೀಗದ ಕೈ ತುರುಕುತ್ತಾರೆ, ಎಲ್ಲರೂ ಒಟ್ಟಿಗೆ ಹೇಳುವುದು ಒಂದೇ ಮಾತು: "ಜೋರಾಗಿ ಉಸಿರು ಎಳ್ಕೊ ಪುಟ್ಟಾ, ಇನ್ನೂ ಜೋರಾಗಿ!"

ಆ ಸಲಹೆಯೇ ತೊಂದರೆಯನ್ನು ಬೆಳೆಸುತ್ತದೆ. ಹುಡುಗಿಗೆ ಗಾಳಿ ಸಾಲುತ್ತಿಲ್ಲ ಎಂದು ನಮಗೂ ಅನ್ನಿಸುತ್ತದೆ, ಅವಳಿಗಂತೂ ಅನ್ನಿಸಿಯೇ ಅನ್ನಿಸುತ್ತದೆ. ಕೋವಿಡ್ ಕಾಲದಿಂದ ಆಶಾ ಕಾರ್ಯಕರ್ತೆಯರ ಚೀಲ ಸೇರಿರುವ ಆಕ್ಸಿಮೀಟರನ್ನು ಅವಳ ಬೆರಳಿಗೆ ಸಿಕ್ಕಿಸಿದರೆ 98 ಅಥವಾ 99 ತೋರಿಸುತ್ತದೆ. ಆಕ್ಸಿಜನ್ ತುಂಬಿ ತುಳುಕುತ್ತಿದೆ. ಕಡಿಮೆಯಾಗಿರುವುದು ನಾವೆಲ್ಲ ಶಾಲೆಯಲ್ಲಿ ಕಸ ಎಂದು ಓದಿದ ಅನಿಲ, ಕಾರ್ಬನ್ ಡೈ ಆಕ್ಸೈಡ್.

ಈ ಅನಿಲ ಹೊರಹಾಕಲಿಕ್ಕಷ್ಟೇ ಇರುವುದಲ್ಲ ಎಂಬ ತಿಳಿವಳಿಕೆಗೆ ನೂರು ವರ್ಷ ದಾಟಿದೆ. ಜೆ. ಎಸ್. ಹಾಲ್ಡೇನ್ ಮತ್ತು ಪ್ರೀಸ್ಟ್ಲಿ ಎಂಬ ವಿಜ್ಞಾನಿಗಳು 1905ರಲ್ಲಿ ತೋರಿಸಿದಂತೆ, ಮಾಮೂಲಿ ದಿನಗಳಲ್ಲಿ ನಮ್ಮ ಉಸಿರಾಟದ ಲಗಾಮು ಇರುವುದು ಆಕ್ಸಿಜನ್ ಕೈಯಲ್ಲಲ್ಲ. ರಕ್ತದಲ್ಲಿ ಕಾರ್ಬನ್ ಡೈ ಆಕ್ಸೈಡ್ ಸ್ವಲ್ಪ ಏರಿದರೂ ಮಿದುಳು ಉಸಿರನ್ನು ಹೆಚ್ಚಿಸುತ್ತದೆ, ಸ್ವಲ್ಪ ಇಳಿದರೆ ತಗ್ಗಿಸುತ್ತದೆ. ತೆರೆದ ಬಾವಿಗೆ ಧುಮುಕುವ ಮುಂಚೆ ನಮ್ಮ ಹುಡುಗರು ಹತ್ತಿಪ್ಪತ್ತು ಸಲ ಬುಸಬುಸನೆ ಉಸಿರಾಡಿ, ಆಮೇಲೆ ಹೆಚ್ಚು ಹೊತ್ತು ಮುಳುಗಿರುವ ಪಂದ್ಯ ಕಟ್ಟುತ್ತಾರಲ್ಲ, ಅಲ್ಲಿ ನಡೆಯುವುದೂ ಇದೇ. ಆಕ್ಸಿಜನ್ ದಾಸ್ತಾನು ಹೆಚ್ಚುವುದು ಅತ್ಯಲ್ಪ. 'ಮೇಲೆ ಬಾ' ಎಂದು ಎಚ್ಚರಿಸುವ ಕಾರ್ಬನ್ ಡೈ ಆಕ್ಸೈಡ್ ಮಾತ್ರ ಖಾಲಿಯಾಗಿರುತ್ತದೆ. ಎಚ್ಚರಿಕೆ ಬರುವ ಮುಂಚೆಯೇ ಆಕ್ಸಿಜನ್ ಮುಗಿದು ನೀರಿನೊಳಗೇ ಪ್ರಜ್ಞೆ ತಪ್ಪಬಹುದು. ಈಜು ಕಲಿಸುವ ಮನೆಗಳಲ್ಲಿ ಈ ಒಂದು ಮಾತನ್ನಾದರೂ ಹೇಳಿಕೊಡಬೇಕು.

ಪರೀಕ್ಷಾ ಕೊಠಡಿಗೆ ಮರಳಿ ಸ್ವಲ್ಪ ಲೆಕ್ಕ ಹಾಕೋಣ. ಸುಮ್ಮನೆ ಕೂತ ದೊಡ್ಡವರೊಬ್ಬರು ಒಂದು ಸಲಕ್ಕೆ ಸುಮಾರು 500 ಮಿಲಿಲೀಟರ್ ಗಾಳಿ ಎಳೆದುಕೊಳ್ಳುತ್ತಾರೆ. ಅದರಲ್ಲಿ 150ರಷ್ಟು ಮೂಗು, ಗಂಟಲು, ಶ್ವಾಸನಾಳದಲ್ಲೇ ಉಳಿದು ಹಾಗೇ ಹೊರಬರುತ್ತದೆ. ರಕ್ತಕ್ಕೆ ತಾಗುವ ಗಾಳಿಗೂಡುಗಳಿಗೆ ಮುಟ್ಟುವುದು 350. ನಿಮಿಷಕ್ಕೆ 14 ಉಸಿರಾದರೆ 4.9 ಲೀಟರ್. ಆರಾಮಾಗಿ ಕೂತ ದೇಹ ನಿಮಿಷಕ್ಕೆ ತಯಾರಿಸುವ ಸುಮಾರು 200 ಮಿಲಿಲೀಟರ್ ಕಾರ್ಬನ್ ಡೈ ಆಕ್ಸೈಡನ್ನು ಹೊರಸಾಗಿಸಲು ಇಷ್ಟು ಗಾಳಿ ಸರಿಯಾಗಿ ಸಾಕು, ರಕ್ತದಲ್ಲಿ ಅದರ ಒತ್ತಡ 40ರ ಆಸುಪಾಸು ನಿಲ್ಲುತ್ತದೆ. (ಇದು ಪಾದರಸದ ಮಿಲಿಮೀಟರ್ ಲೆಕ್ಕ, ಬಿಪಿ ಅಳೆಯುವ ಅಳತೆಯೇ. 35ರಿಂದ 45ರವರೆಗೆ ಸಹಜ.) ನಮ್ಮ ಹುಡುಗಿ ಈಗ ನಿಮಿಷಕ್ಕೆ 28 ಸಲ, ಪ್ರತಿ ಸಲ 800 ಮಿಲಿಲೀಟರ್ ಎಳೆಯುತ್ತಿದ್ದಾಳೆ ಎಂದುಕೊಳ್ಳಿ. ಒಳಗೂಡುಗಳಿಗೆ ಹೋಗುವ ಗಾಳಿ 18 ಲೀಟರ್ ದಾಟಿತು. ಹೊರಹಾಕುವ ಕೆಲಸ ಹತ್ತಿರಹತ್ತಿರ ಮೂರೂಮುಕ್ಕಾಲು ಪಟ್ಟು ಹೆಚ್ಚಿದೆ, ತಯಾರಿಕೆ ಮಾತ್ರ ಅಷ್ಟೇ ಇದೆ, ಯಾಕೆಂದರೆ ಅವಳು ಬೆಂಚಿನ ಮೇಲೆ ಕೂತೇ ಇದ್ದಾಳೆ. ದೇಹದಲ್ಲಿ ಈ ಅನಿಲದ ದಾಸ್ತಾನು ದೊಡ್ಡದು, ಆದ್ದರಿಂದ ಒಂದೇ ಸಲ ತಳ ಕಾಣುವುದಿಲ್ಲ. ಆದರೂ ಕೆಲವು ನಿಮಿಷಗಳಲ್ಲಿ ಒತ್ತಡ 25ಕ್ಕೆ, 20ರ ಹತ್ತಿರಕ್ಕೆ ಇಳಿದುಬಿಡಬಹುದು.

ಅದೇ ಹುಡುಗಿ ರಜದಲ್ಲಿ ಗೆಳತಿಯರ ಜೊತೆ ಮಧುಗಿರಿ ಬೆಟ್ಟ ಹತ್ತುವಾಗ ಇದಕ್ಕಿಂತ ಜೋರಾಗಿಯೇ ಏದುಸಿರು ಬಿಡುತ್ತಾಳೆ. ಏಕಶಿಲೆಯ ಆ ಕಡಿದಾದ ಮೈಯಲ್ಲಿ ಕಂಬಿ ಹಿಡಿದು ಹತ್ತುವವರೆಲ್ಲರ ಪಾಡೂ ಅದೇ. ಯಾರಿಗೂ ಬೆರಳು ಜುಮ್ಮೆನ್ನುವುದಿಲ್ಲ, ಕೈ ಸೆಟೆಯುವುದಿಲ್ಲ. ತೊಡೆ ಮೀನಖಂಡಗಳು ದುಡಿದು ಕಾರ್ಬನ್ ಡೈ ಆಕ್ಸೈಡನ್ನು ಹಲವು ಪಟ್ಟು ತಯಾರಿಸುತ್ತಿರುತ್ತವೆ, ಉಸಿರು ಅದನ್ನು ಸರಿಗಟ್ಟುತ್ತಿರುತ್ತದೆ, ರಕ್ತದ ಲೆಕ್ಕ ಏರುಪೇರಾಗುವುದಿಲ್ಲ. ಹೀಗಾಗಿ ಉಸಿರು ಎಷ್ಟು ಜೋರಾಗಿದೆ ಎಂದು ನೋಡಿದರೆ ಸಾಲದು, ದೇಹದ ಆಗಿನ ಅಗತ್ಯಕ್ಕಿಂತ ಎಷ್ಟು ಹೆಚ್ಚು ಎಂದು ನೋಡಬೇಕು. ಗಾಬರಿಯಾದಾಗ ದೇಹ ಓಡಲು ಸಜ್ಜಾಗುತ್ತದೆ, ಓಡುವುದಿಲ್ಲ.

ಇನ್ನು ಕೈ ಯಾಕೆ ಜೋಮು ಹಿಡಿಯಿತು? ಕಾರ್ಬನ್ ಡೈ ಆಕ್ಸೈಡ್ ರಕ್ತದ ನೀರಿನಲ್ಲಿ ಕರಗಿ ಆಮ್ಲವಾಗುತ್ತದೆ. ಅದು ಕಡಿಮೆಯಾದರೆ ರಕ್ತ ಕ್ಷಾರದ ಕಡೆಗೆ ವಾಲುತ್ತದೆ. ಆಗ ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನು ತಾನು ಹಿಡಿದಿದ್ದ ಹೈಡ್ರೋಜನ್ ಕಣಗಳನ್ನು ಬಿಟ್ಟು, ಖಾಲಿಯಾದ ಜಾಗದಲ್ಲಿ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ. ನಮ್ಮ ರಕ್ತದ ಕ್ಯಾಲ್ಸಿಯಂನಲ್ಲಿ ಸುಮಾರು ಅರ್ಧ ಮಾತ್ರ ಸ್ವತಂತ್ರವಾಗಿ ಓಡಾಡುತ್ತದೆ, ನರಗಳು ಸುಮ್ಮನೆ ಕೆರಳದಂತೆ ಕಾಯುವುದು ಆ ಸ್ವತಂತ್ರ ಪಾಲು. ಅದು ತಗ್ಗಿದಾಗ ಬೆರಳ ತುದಿಯ, ತುಟಿಯ ಸುತ್ತಲಿನ ನರಗಳು ಯಾರೂ ಮುಟ್ಟದೆಯೇ ಸುದ್ದಿ ಕಳಿಸತೊಡಗುತ್ತವೆ. ಜುಮ್ಮೆನ್ನುವುದು ಅದೇ. ಇನ್ನೂ ಮುಂದಕ್ಕೆ ಹೋದರೆ ಸ್ನಾಯುಗಳಿಗೆ ಹೋಗುವ ನರಗಳೂ ಕೆರಳಿ ಕೈ ಸೆಟೆಯುತ್ತದೆ. ಕ್ಯಾಲ್ಸಿಯಂನ ಈ ಇಳಿತ ದೊಡ್ಡದೇನಲ್ಲ, ಕ್ಷಾರವಾದ ರಕ್ತ ನೇರವಾಗಿಯೂ ನರಗಳನ್ನು ಕೆರಳಿಸುತ್ತದೆ. ಎರಡೂ ಕೂಡಿಯೇ ಕೆಲಸ ಮಾಡುವುದು. ಇಲ್ಲಿ ಗಮನಿಸಬೇಕಾದ್ದು, ದೇಹದ ಒಟ್ಟು ಕ್ಯಾಲ್ಸಿಯಂ ಒಂದಿಷ್ಟೂ ಕಡಿಮೆಯಾಗಿಲ್ಲ. ಮನೆಗೆ ಹೋದ ಮೇಲೆ ಕ್ಯಾಲ್ಸಿಯಂ ಮಾತ್ರೆ ನುಂಗಿಸುವುದರಿಂದ ಈ ತೊಂದರೆಗೆ ಆಗಬೇಕಾದ್ದೇನೂ ಇಲ್ಲ.

ತಲೆ ಸುತ್ತಿನ ಕಾರಣ ಬೇರೆ. ಮಿದುಳಿನ ರಕ್ತನಾಳಗಳು ಕಾರ್ಬನ್ ಡೈ ಆಕ್ಸೈಡಿಗೆ ಬಲು ಸೂಕ್ಷ್ಮ. ಅದು ಇಳಿದಂತೆ ಅವು ಸಂಕುಚಿಸುತ್ತವೆ. ಒತ್ತಡ 40ರಿಂದ 20ಕ್ಕೆ ಬಂದರೆ ಮಿದುಳಿಗೆ ಹರಿಯುವ ರಕ್ತ ಹತ್ತಿರಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಇದರ ಜೊತೆಗೆ ಹಿಮೋಗ್ಲೋಬಿನ್ ಕೂಡ ಕ್ಷಾರದ ರಕ್ತದಲ್ಲಿ ಆಕ್ಸಿಜನ್ನನ್ನು ಬಿಗಿಯಾಗಿ ಹಿಡಿದಿಟ್ಟುಕೊಂಡು ಅಂಗಾಂಗಗಳಿಗೆ ಬಿಟ್ಟುಕೊಡಲು ಹಿಂದೇಟು ಹಾಕುತ್ತದೆ. ಡೆನ್ಮಾರ್ಕಿನ ಕ್ರಿಶ್ಚಿಯನ್ ಬೋರ್ 1904ರಲ್ಲೇ ಇದನ್ನು ಗುರುತಿಸಿದ್ದ. ಬೆರಳಿನಲ್ಲಿ ಆಕ್ಸಿಮೀಟರ್ 99 ಎನ್ನುತ್ತಿರುವಾಗಲೇ ಕಣ್ಣು ಮಂಜಾಗುವುದು, ಸುತ್ತಲಿನದೆಲ್ಲ ಕನಸಿನಂತೆ ದೂರ ಸರಿದಂತಾಗುವುದು ಈ ಎರಡರಿಂದ. 'ಉಸಿರಾಡಿದಷ್ಟೂ ಉಸಿರು ಸಾಲದು' ಎಂಬ ವಿಚಿತ್ರಕ್ಕೂ ವಿವರಣೆ ಇದೆ. ಗಾಬರಿಯವರು ಪೂರ್ತಿ ಹೊರಬಿಡದೆ ಮತ್ತೆ ಮತ್ತೆ ಎಳೆಯುತ್ತಾರೆ. ಎದೆ ಆಗಲೇ ಉಬ್ಬಿ ನಿಂತಿರುತ್ತದೆ, ಇನ್ನೂ ಎಳೆಯಲು ಜಾಗ ಇರುವುದಿಲ್ಲ. ಜಾಗ ಇಲ್ಲದ್ದನ್ನು ಮನಸ್ಸು ಗಾಳಿ ಇಲ್ಲ ಎಂದು ಓದುತ್ತದೆ.

ಇಷ್ಟು ತಿಳಿದರೆ ಮನೆಮದ್ದುಗಳ ಕಡೆಗೆ ತಿರುಗಬಹುದು. ಮೊದಲಿಗೆ ಒಂದು ಮಾತು. ಈ ಬಗೆಯ ದಾಳಿ ಸಾಮಾನ್ಯವಾಗಿ ತಾನಾಗಿಯೇ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಹೀಗಾಗಿ ಆ ಹೊತ್ತಿಗೆ ಯಾರ ಕೈಯಲ್ಲಿ ಏನಿತ್ತೋ ಅದಕ್ಕೇ ಹೆಸರು ಬರುತ್ತದೆ. ಬೀಗದ ಕೈ ಹಿಡಿಸಿದವರಿಗೆ ಅದರಿಂದಲೇ ಸರಿಹೋಯಿತು ಎಂಬ ನಂಬಿಕೆ, ಈರುಳ್ಳಿ ಮೂಸಿಸಿದವರಿಗೆ ಈರುಳ್ಳಿಯ ಮೇಲೆ ನಂಬಿಕೆ. ಕ್ಲಿನಿಕ್ಕಿಗೆ ಕರೆದೊಯ್ದು ಗ್ಲೂಕೋಸ್ ಹಾಕಿಸಿದರೆ ಬಾಟಲಿ ಖಾಲಿಯಾಗಲು ಹಿಡಿಯುವ ಹೊತ್ತಿನಲ್ಲಿ ಉಸಿರು ತಾನಾಗಿ ಹದಕ್ಕೆ ಬರುತ್ತದೆ, ಮುಂದಿನ ಸಲವೂ 'ಗ್ಲೂಕೋಸ್ ಹಾಕ್ಸಿದ್ರೆ ಸರಿಹೋಗುತ್ತೆ' ಎಂದು ನಿಶ್ಚಯವಾಗುತ್ತದೆ. ಆ ಬಾಟಲಿಯಲ್ಲಿರುವ ಸಕ್ಕರೆ ನೀರಿಗೂ ಕಾರ್ಬನ್ ಡೈ ಆಕ್ಸೈಡಿಗೂ ಸಂಬಂಧವಿಲ್ಲ. ಮಲಗಿ, ಪಕ್ಕದಲ್ಲಿ ಒಬ್ಬರು ಕೂತು, 'ಇನ್ನೇನೂ ಆಗಲ್ಲ' ಎಂಬ ಧೈರ್ಯ ಬಂದದ್ದೇ ಕೆಲಸ ಮಾಡಿರುತ್ತದೆ. ಕಬ್ಬಿಣ ಹಿಡಿಸುವುದು ಮೂರ್ಛೆರೋಗಕ್ಕೆಂದು ಬಂದ ಪದ್ಧತಿ. ಅಲ್ಲಿಯೂ ಅದರಿಂದ ಪ್ರಯೋಜನವಿಲ್ಲ. ಇಲ್ಲಿ ಸೆಟೆದ ಕೈ ನೋಡಿ ಮೂರ್ಛೆ ಎಂದುಕೊಳ್ಳುವುದರಿಂದ ಇನ್ನೊಂದು ಹಾನಿಯಿದೆ: ಹೆಣ್ಣುಮಗಳ ಹೆಸರಿಗೆ 'ಫಿಟ್ಸು' ಅಂಟಿಕೊಂಡರೆ ಅದು ಮದುವೆ ಮಾತುಕತೆಯವರೆಗೂ ಬೆನ್ನು ಬಿಡುವುದಿಲ್ಲ. ಈ ದಾಳಿಯಲ್ಲಿ ಸಾಮಾನ್ಯವಾಗಿ ಎಚ್ಚರವಿರುತ್ತದೆ, ಕರೆದರೆ ಓಗೊಡುತ್ತಾರೆ, ಆಮೇಲೆ ನಡೆದದ್ದೆಲ್ಲ ನೆನಪಿರುತ್ತದೆ. ಮೈಯೆಲ್ಲ ಅದುರುವ ಮೂರ್ಛೆಯಲ್ಲಿ ಹಾಗಿರುವುದಿಲ್ಲ.

'ಗ್ಯಾಸ್ ಹೊಡೆದಿದೆ' ಎಂದು ಸೋಡಾ ಕುಡಿಸುವುದು, ನೀರಿಗೆ ಈನೋ ಹಾಕಿ ಕೊಡುವುದು ನಮ್ಮ ಕಡೆ ಇನ್ನೊಂದು ರೂಢಿ. ಎದೆ ಬಿಗಿತವೂ ತೇಗೂ ಒಟ್ಟಿಗೆ ಬರುವುದರಿಂದ ಹಾಗನ್ನಿಸುವುದು ಸಹಜವೇ. ಗಾಬರಿಯಲ್ಲಿ ಬಾಯಿಂದ ಗಾಳಿ ನುಂಗಿರುತ್ತಾರೆ, ತೇಗು ಬರುತ್ತದೆ, ಹೊಟ್ಟೆ ಉಬ್ಬುತ್ತದೆ. ಈನೋದಲ್ಲಿರುವ ಸೋಡಾ ಪುಡಿ ಕ್ಷಾರ, ರಕ್ತ ಆಗಲೇ ಕ್ಷಾರದ ಕಡೆ ವಾಲಿದೆ. ಒಂದು ಚಮಚದಿಂದ ಅನಾಹುತವೇನೂ ಆಗದು, ಉಪಯೋಗವೂ ಆಗದು. ನಿಜವಾದ ಅಪಾಯ ಬೇರೆ ಕಡೆ ಇದೆ: ಐವತ್ತು ದಾಟಿದವರ ಎದೆ ಬಿಗಿತಕ್ಕೂ ಇದೇ ಗ್ಯಾಸಿನ ಹೆಸರಿಟ್ಟು ರಾತ್ರಿಯೆಲ್ಲ ಮನೆಯಲ್ಲಿ ಕೂತವರ ಕಥೆ ಹೃದಯಾಘಾತದಲ್ಲಿ ಮುಗಿಯಬಹುದು.

ಓದಿದವರ ಮನೆಗಳಲ್ಲಿ ಚಾಲ್ತಿಯಲ್ಲಿರುವ ಮದ್ದು ಕಾಗದದ ಚೀಲ. ಸಿನಿಮಾಗಳಲ್ಲೂ ನೋಡಿರುತ್ತೀರಿ. ಚೀಲದೊಳಗೆ ಬಿಟ್ಟ ಉಸಿರನ್ನೇ ಮತ್ತೆ ಎಳೆದರೆ ಕಳೆದುಹೋದ ಕಾರ್ಬನ್ ಡೈ ಆಕ್ಸೈಡ್ ವಾಪಸು ಬರುತ್ತದೆ ಎಂಬ ತರ್ಕ ಕಾಗದದ ಮೇಲೆ ಸರಿ. ಆದರೆ ಅದೇ ಚೀಲದಲ್ಲಿ ಆಕ್ಸಿಜನ್ ಕಡಿಮೆಯಾಗುತ್ತಾ ಹೋಗುತ್ತದೆ. 1989ರಲ್ಲಿ ಕ್ಯಾಲಹಾಮ್ ಎಂಬ ಅಮೆರಿಕದ ತುರ್ತುಚಿಕಿತ್ಸಾ ವೈದ್ಯ ಆರೋಗ್ಯವಂತರಲ್ಲಿ ಇದನ್ನು ಅಳೆದಾಗ ಕೆಲವರ ಆಕ್ಸಿಜನ್ ಗಾಬರಿಪಡುವಷ್ಟು ಇಳಿದಿತ್ತು. ಆತ ವರದಿ ಮಾಡಿದ ಇನ್ನೂ ಗಂಭೀರ ಸಂಗತಿ, ಗಾಬರಿ ಎಂದೇ ತಿಳಿದು ಚೀಲ ಹಿಡಿಸಿದ ಮೂವರು ತೀರಿಕೊಂಡದ್ದು. ಅವರಿಗಿದ್ದದ್ದು ಆಕ್ಸಿಜನ್ ಕೊರತೆ ಅಥವಾ ಹೃದಯದ ತೊಂದರೆ. ನಮ್ಮ ಊರುಗಳಲ್ಲಿ ಕಾಗದದ ಚೀಲಕ್ಕಿಂತ ಪ್ಲಾಸ್ಟಿಕ್ ಕವರು ಸುಲಭವಾಗಿ ಕೈಗೆ ಸಿಗುತ್ತದೆ, ಅದು ಮುಖಕ್ಕೇ ಅಂಟಿಕೊಳ್ಳುತ್ತದೆ. ಎರಡನ್ನೂ ಬಿಟ್ಟುಬಿಡುವುದೇ ಸರಿ.

ಈಗ 'ಜೋರಾಗಿ ಉಸಿರು ಎಳ್ಕೊ' ಎಂಬುದರ ಲೆಕ್ಕ. ಇದನ್ನು ಸ್ವಲ್ಪ ತಿದ್ದಿ 'ನಿಧಾನಕ್ಕೆ, ದೀರ್ಘವಾಗಿ' ಎಂದು ಹೇಳುವ ತಿಳಿದವರೂ ಇದ್ದಾರೆ. ಹುಡುಗಿ ಆ ಮಾತು ಕೇಳಿ ನಿಮಿಷಕ್ಕೆ 10 ಸಲಕ್ಕೆ ಇಳಿದಳು, ಆದರೆ ಪ್ರತಿ ಸಲ ಎದೆ ತುಂಬ ಒಂದೂವರೆ ಲೀಟರ್ ಎಳೆದಳು ಎನ್ನೋಣ. ನೋಡುವವರಿಗೆ ಶಾಂತವಾಗಿ ಕಾಣುತ್ತಾಳೆ. ಒಂದೂವರೆ ಲೀಟರಿನಲ್ಲಿ 150 ಮಿಲಿಲೀಟರ್ ಕಳೆದರೆ 1,350, ಅದನ್ನು ಹತ್ತರಿಂದ ಗುಣಿಸಿದರೆ 13.5 ಲೀಟರ್. ಸಹಜಕ್ಕಿಂತ ಇನ್ನೂ ಎರಡೂಮುಕ್ಕಾಲು ಪಟ್ಟು ಹೆಚ್ಚು! ಜೋಮು ಇಳಿಯುವುದಿಲ್ಲ. ಬದಲಿಗೆ ನಿಮಿಷಕ್ಕೆ 8 ಸಲ, ಸಾಧಾರಣಕ್ಕಿಂತ ತುಸುವೇ ಹೆಚ್ಚು, 750 ಮಿಲಿಲೀಟರಿನಷ್ಟು ಎಳೆದರೆ 4.8 ಲೀಟರ್ ಆಗುತ್ತದೆ, ಆರಾಮಾಗಿ ಕೂತವರ ಲೆಕ್ಕಕ್ಕೆ ಸರಿಯಾಗಿ. ಮಿಲಿಲೀಟರ್ ಅಳೆಯುತ್ತಾ ಯಾರೂ ಉಸಿರಾಡಲಾರರು. ಕೈಗೆಟಕುವ ವಿಧಾನ ಇಷ್ಟು: ಮೊದಲು ಉಸಿರು ಹೊರಬಿಡುವುದು, ಉಬ್ಬಿದ ಎದೆ ಇಳಿಯುವವರೆಗೆ. ಆಮೇಲೆ ಬಾಯಿ ಮುಚ್ಚಿ ಮೂಗಿನಿಂದ ಚಿಕ್ಕದಾಗಿ, ಪಕ್ಕದವರಿಗೆ ಸದ್ದು ಕೇಳದಷ್ಟು ಮಾತ್ರ ಎಳೆಯುವುದು. ಹೊರಬಿಡುವುದನ್ನು ಎಳೆದದ್ದಕ್ಕಿಂತ ಉದ್ದ ಮಾಡುವುದು. ಕೈ ಹೊಟ್ಟೆಯ ಮೇಲಿರಲಿ, ಭುಜ ಮೇಲೇಳದಿರಲಿ. ಮುಂದಿನ ಉಸಿರಿನ ಆತುರ ಬಂದಾಗ ಒಂದೆರಡು ಕ್ಷಣ ತಡೆದರೂ ಏನೂ ಆಗುವುದಿಲ್ಲ, ಆ ಆತುರವೇ ಕಾರ್ಬನ್ ಡೈ ಆಕ್ಸೈಡ್ ಏರುತ್ತಿರುವ ಗುರುತು. ಕೆಲವು ನಿಮಿಷದಲ್ಲಿ ತುಟಿ ಸಡಿಲವಾಗುತ್ತದೆ, ಆಮೇಲೆ ಬೆರಳು. ಎದ್ದು ವರಾಂಡದಲ್ಲಿ ನಾಲ್ಕು ಹೆಜ್ಜೆ ಓಡಾಡಲು ಆದರೆ ಅದೂ ಒಳ್ಳೆಯದೇ, ಬೆಟ್ಟ ಹತ್ತುವವರ ಕಾಲು ಮಾಡುವ ಕೆಲಸವನ್ನೇ ಸಣ್ಣದಾಗಿ ಮಾಡುತ್ತದೆ.

ಯೋಗದ ತರಗತಿಗೆ ಹೋಗುವವರು ಇಲ್ಲೊಂದು ಪ್ರಶ್ನೆ ಎತ್ತುತ್ತಾರೆ. ಭಸ್ತ್ರಿಕಾ, ಕಪಾಲಭಾತಿ ಮಾಡಿದಾಗ ಬೆರಳು ಜುಮ್ಮೆನ್ನುತ್ತದಲ್ಲ, ಅದು ಶಕ್ತಿ ಹರಿಯುವ ಲಕ್ಷಣ ಅಲ್ಲವೇ ಎಂದು. ಶಕ್ತಿಯ ಮಾತು ಅವರವರಿಗೆ ಬಿಟ್ಟದ್ದು. ಕೂತಲ್ಲೇ ವೇಗವಾಗಿ ಉಸಿರಾಡಿದಾಗ ಜುಮ್ಮೆನ್ನಲು ಮೇಲೆ ಹೇಳಿದ ಕಾರಣವೇ ಸಾಕು. ಪ್ರಾಣಾಯಾಮ ಎಂದರೆ ಎಲ್ಲವೂ ಒಂದೇ ಎಂದುಕೊಂಡು, ಗಾಬರಿಯ ಸ್ವಭಾವದವರಿಗೆ ಭಸ್ತ್ರಿಕಾ ಮಾಡಿಸುವುದು ಉಲ್ಟಾ ಮದ್ದು. ಗುಂಯ್‌ಗುಡುತ್ತಾ ಉದ್ದಕ್ಕೆ ಉಸಿರು ಬಿಡುವ ಭ್ರಾಮರಿ ಅಂಥವರಿಗೆ ಹೊಂದುತ್ತದೆ.

ಇಷ್ಟೆಲ್ಲ ಆದ ಮೇಲೆ ವಿಷಯ ಮುಗಿಯಿತು, ಎಲ್ಲಕ್ಕೂ ಕಾರ್ಬನ್ ಡೈ ಆಕ್ಸೈಡೇ ಕಾರಣ ಎಂದು ಷರಾ ಬರೆಯಬಹುದಿತ್ತು. ವೈದ್ಯಲೋಕ ಬಹಳ ಕಾಲ ಹಾಗೇ ಬರೆದಿತ್ತು. 1937ರಲ್ಲಿ ಕೆರ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಆತಂಕದ ರೋಗಿಗಳ ಈ ಲಕ್ಷಣಗಳಿಗೆ ಅತಿ ಉಸಿರಾಟದ ಸಂಬಂಧ ಕಟ್ಟಿದ ಮೇಲೆ ಅದು ಒಂದು ಕಾಯಿಲೆಯ ಹೆಸರೇ ಆಯಿತು. ರೋಗಿಗೆ ಬೇಕೆಂದೇ ಜೋರಾಗಿ ಉಸಿರಾಡಿಸಿ 'ನಿಮಗೆ ಬರುವುದು ಇದೇ ತಾನೇ?' ಎಂದು ಕೇಳುವುದು, ಹೌದೆಂದರೆ ಕಾಯಿಲೆ ಖಾತ್ರಿ. 1996ರಲ್ಲಿ ನೆದರ್ಲೆಂಡ್ಸಿನ ಹೊರ್ನ್ಸ್‌ವೆಲ್ಡ್ ಮತ್ತವರ ತಂಡ ಈ ಪರೀಕ್ಷೆಯನ್ನೇ ಪರೀಕ್ಷಿಸಿತು. 115 ರೋಗಿಗಳಿಗೆ ಎರಡು ಸಲ ಜೋರಾಗಿ ಉಸಿರಾಡಿಸಿದರು. ಒಂದು ಸಲ ಕಾರ್ಬನ್ ಡೈ ಆಕ್ಸೈಡ್ ಇಳಿಯಲು ಬಿಟ್ಟರು. ಇನ್ನೊಂದು ಸಲ ಎಳೆಯುವ ಗಾಳಿಗೇ ಅದನ್ನು ಬೆರೆಸಿ ಇಳಿಯದಂತೆ ನೋಡಿಕೊಂಡರು. ಯಾವುದು ಯಾವುದೆಂದು ರೋಗಿಗೂ ಗೊತ್ತಿಲ್ಲ, ಮಾಡಿಸುವವರಿಗೂ ಗೊತ್ತಿಲ್ಲ. ಮೊದಲನೆಯದರಲ್ಲಿ ಮುಕ್ಕಾಲು ಪಾಲು ಜನ ತಮ್ಮ ಲಕ್ಷಣಗಳನ್ನು ಗುರುತಿಸಿದರು. ಅವರಲ್ಲಿ ಮೂರನೇ ಎರಡರಷ್ಟು ಮಂದಿ, ಕಾರ್ಬನ್ ಡೈ ಆಕ್ಸೈಡ್ ಒಂದಿಷ್ಟೂ ಇಳಿಯದ ಎರಡನೆಯ ಸಲವೂ 'ಹೌದು, ಇದೇ' ಎಂದರು. ದಿನನಿತ್ಯದ ಓಡಾಟದಲ್ಲಿ ಅಳೆಯುವ ಉಪಕರಣ ಕಟ್ಟಿ ನೋಡಿದಾಗ ಹಲವು ದಾಳಿಗಳಲ್ಲಿ ಅನಿಲ ಇಳಿದೇ ಇರಲಿಲ್ಲ, ಇಳಿದದ್ದೂ ದಾಳಿ ಶುರುವಾದ ಮೇಲೆ.

ನನಗೆ ಇದು ಈ ಇಡೀ ವಿಷಯದಲ್ಲೇ ಮುಖ್ಯವಾದ ಪ್ರಯೋಗ ಅನ್ನಿಸುತ್ತದೆ. ಸೆಟೆದ ಕೈಗೆ, ಜುಮ್ಮೆನ್ನುವ ತುಟಿಗೆ, ಮಂಜಾದ ಕಣ್ಣಿಗೆ ಅನಿಲದ ಲೆಕ್ಕ ಒಪ್ಪುವ ವಿವರಣೆ ಕೊಡುತ್ತದೆ. ಗಾಬರಿ ಎಲ್ಲಿಂದ ಬಂತು ಎಂಬುದಕ್ಕೆ ಕೊಡುವುದಿಲ್ಲ. ಭಯ ಮೊದಲು ಬರುತ್ತದೆ, ಉಸಿರು ಹಿಂದೆ ಬರುತ್ತದೆ, ಆ ಉಸಿರು ತಂದ ಜೋಮನ್ನು 'ಲಕ್ವ ಹೊಡೆಯಿತು, ಹಾರ್ಟು ನಿಲ್ಲುತ್ತದೆ' ಎಂದು ಓದಿಕೊಂಡಾಗ ಭಯ ಇಮ್ಮಡಿಸುತ್ತದೆ. ಚೀಲ ಹಿಡಿಸಿ ಅನಿಲ ಸರಿಮಾಡಿದರೂ ಮೂಲದ ಭಯ ಅಲ್ಲೇ ಇರುತ್ತದೆ. ಒಬ್ಬ ಒಳ್ಳೆಯ ಮೇಷ್ಟ್ರು ಪಕ್ಕದಲ್ಲಿ ಕೂತು 'ಇದು ಉಸಿರು ಹೆಚ್ಚಾಗಿ ಆಗಿರೋದು, ಕೈ ಈಗ ಬಿಟ್ಕೊಳ್ಳುತ್ತೆ ನೋಡು' ಎಂದು ಹೇಳಿದರೆ ಅಷ್ಟೊಂದು ಗುಣ ಕಾಣುವುದೂ ಇದಕ್ಕೇ. ಆ ಮಾತು ಸರಪಳಿಯ ಒಂದು ಕೊಂಡಿಯನ್ನು, ತಪ್ಪಾಗಿ ಓದಿಕೊಳ್ಳುವ ಕೊಂಡಿಯನ್ನು, ಕಳಚುತ್ತದೆ. ತಿಂಗಳುಗಟ್ಟಲೆ ನಿಟ್ಟುಸಿರಿಡುತ್ತಾ, ಆಗಾಗ ಎದೆ ತುಂಬ ಎಳೆದುಕೊಳ್ಳುತ್ತಾ ಇರುವವರ ಪಾಡು ಇನ್ನೂ ಸೂಕ್ಷ್ಮ. ಅವರ ಮೂತ್ರಪಿಂಡಗಳು ತಗ್ಗಿದ ಅನಿಲಕ್ಕೆ ಒಗ್ಗಿಕೊಂಡು ಕ್ಷಾರವನ್ನು ಹೊರಹಾಕಿ ಲೆಕ್ಕ ಸರಿದೂಗಿಸಿರುತ್ತವೆ. ಅನಿಲದ ಮಟ್ಟ ಮೊದಲೇ ಕೆಳಗಿರುವುದರಿಂದ ನಾಲ್ಕು ದೊಡ್ಡ ಉಸಿರೂ ತಲೆ ತಿರುಗಿಸಲು ಸಾಕಾಗುತ್ತದೆ. ಇವರಿಗೆ ಉಸಿರಿನ ಅಭ್ಯಾಸ ದಾಳಿ ಬಂದಾಗ ಮಾಡುವುದಲ್ಲ, ಬಾರದ ದಿನಗಳಲ್ಲಿ ನಿತ್ಯ ಮಾಡಬೇಕಾದ್ದು.

ಇಲ್ಲಿಯವರೆಗೆ ಪರೀಕ್ಷೆಯ ಮಾತಾಯಿತು. ಶೇಂಗಾ ಬೆಳೆಯುವ ಪಾವಗಡ, ಶಿರಾ, ಮಧುಗಿರಿಯ ಹೊಲಗಳಲ್ಲಿ ಇದೇ ಉಸಿರಿನ ಇನ್ನೊಂದು ರೂಪ ಕಾಣಬಹುದು, ಅದು ಹೆಚ್ಚು ಕಷ್ಟದ್ದು. ಕಳೆ ತೆಗೆಯುವಾಗ ಕಾಲಿಗೆ ಏನೋ ಕಚ್ಚಿತು, ಹಾವು ಸರಿದುಹೋದದ್ದು ಕಂಡಿತು. ಹತ್ತು ನಿಮಿಷದಲ್ಲಿ ಆಕೆಗೆ ಮೈ ಜುಮ್ಮೆನ್ನುತ್ತದೆ, ಎದೆ ಬಿಗಿಯುತ್ತದೆ, ತಲೆ ಸುತ್ತುತ್ತದೆ, ಕೈ ಸೆಟೆಯುತ್ತದೆ. ಸುತ್ತಲಿನವರು 'ವಿಷ ಏರ್ತಾ ಇದೆ' ಎನ್ನುತ್ತಾರೆ. ವಿಷವಿಲ್ಲದ ಹಾವು ಕಚ್ಚಿದಾಗಲೂ, ವಿಷದ ಹಾವು ವಿಷ ಬಿಡದೆ ಕಚ್ಚಿದಾಗಲೂ ಬರೀ ಹೆದರಿಕೆಯ ಉಸಿರಿನಿಂದ ಹೀಗೆಲ್ಲ ಆಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಆಗ್ನೇಯ ಏಷ್ಯಾ ವಿಭಾಗದ ಹಾವುಕಡಿತದ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ. ಮಂತ್ರ ಹಾಕುವವರ, ಬೇರು ಅರೆದು ಕುಡಿಸುವವರ ಖ್ಯಾತಿಯ ಒಂದು ಪಾಲು ಇಂಥ ಕಡಿತಗಳಿಂದಲೇ ಬಂದದ್ದು. ವಿಷವೇ ಇರಲಿಲ್ಲ, ಅರ್ಧ ಗಂಟೆಯಲ್ಲಿ ಉಸಿರು ಇಳಿಯಿತು, ಹೆಸರು ಬೇರಿಗೆ ಬಂತು.

ಹಾಗೆಂದು ಹೊಲದಲ್ಲಿ ನಿಂತು 'ಇದು ಬರೀ ಗಾಬರಿ' ಎಂದು ತೀರ್ಮಾನಿಸುವ ಹಕ್ಕು ಯಾರಿಗೂ ಇಲ್ಲ. ನಾಗರಹಾವು, ಕಟ್ಟುಹಾವುಗಳ ವಿಷದ ಗುರುತು ಬೇರೆ: ಕಣ್ಣಿನ ರೆಪ್ಪೆ ಜೋತು ಬೀಳುತ್ತದೆ, ಒಂದು ಎರಡಾಗಿ ಕಾಣುತ್ತದೆ, ಉಗುಳು ನುಂಗಲು ಕಷ್ಟವಾಗುತ್ತದೆ, ಕತ್ತು ಎತ್ತಲಾಗುವುದಿಲ್ಲ. ಅಲ್ಲಿ ಸ್ನಾಯು ಸೋಲುತ್ತದೆ, ಇಲ್ಲಿ ಸ್ನಾಯು ಬಿಗಿಯುತ್ತದೆ. ಮಂಡಲದ ಹಾವಾದರೆ ಬಾವು, ವಸಡಿನಲ್ಲಿ ರಕ್ತ; ಆಸ್ಪತ್ರೆಯಲ್ಲಿ ರಕ್ತವನ್ನು ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು ಹೆಪ್ಪುಗಟ್ಟಿತೇ ಎಂದು ನೋಡುತ್ತಾರೆ. ಈ ಗುರುತುಗಳು ಗಂಟೆಗಟ್ಟಲೆ ತಡವಾಗಿಯೂ ಬರಬಹುದು, ಆದ್ದರಿಂದ ಒಂದು ದಿನವಾದರೂ ನಿಗಾದಲ್ಲಿ ಇಡುವುದು ಕ್ರಮ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವುಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ. ದಾರಿಯುದ್ದಕ್ಕೂ ಉಸಿರನ್ನು ತಗ್ಗಿಸುವ ಮಾತಾಡುತ್ತಲೇ, ಕಚ್ಚಿದ ಕಾಲು ಅಲುಗದಂತೆ ದಬ್ಬೆ ಕಟ್ಟಿ ತಾಲ್ಲೂಕು ಆಸ್ಪತ್ರೆಗೆ ಒಯ್ಯಬೇಕು. ಎರಡೂ ಒಟ್ಟಿಗೆ ನಡೆಯಬೇಕಾದ ಕೆಲಸ.

ಇದೇ ಎಚ್ಚರ ಬೇರೆ ಕಡೆಗೂ ಬೇಕು. ಜೋರಾದ ಉಸಿರು ಕೆಲವೊಮ್ಮೆ ದೇಹ ತಾನೇ ಮಾಡಿಕೊಳ್ಳುವ ಚಿಕಿತ್ಸೆಯಾಗಿರುತ್ತದೆ. ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ತಪ್ಪಿ ರಕ್ತ ಆಮ್ಲವಾದಾಗ, ಆ ಆಮ್ಲ ಕಳೆಯಲೆಂದೇ ಆಳವಾಗಿ, ಬಿಡದೆ ಉಸಿರಾಡುತ್ತಾರೆ. ಅವರನ್ನು 'ನಿಧಾನ, ನಿಧಾನ' ಎಂದು ತಡೆದರೆ ಕೆಡುಕು. ಬಿಸಿಲಿನ ಆಘಾತ, ಜ್ವರ, ನ್ಯುಮೋನಿಯಾ, ಅಸ್ತಮಾ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದು, ಎಲ್ಲದರಲ್ಲೂ ಉಸಿರು ಏರುತ್ತದೆ. ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರಿಸಿದರೆ ಗಾಬರಿಯ ಮಾತು ಅಲ್ಲಿಗೇ ಬಿಡಿ. ಚೆನ್ನಾಗಿದೆ ಎಂದು ತೋರಿಸಿದ ಮಾತ್ರಕ್ಕೂ ಎಲ್ಲ ಸರಿಯಿದೆ ಎನ್ನಲಾಗದು, ಹೃದಯಾಘಾತದಲ್ಲೂ 98 ಇರಬಹುದು. ಗಾಬರಿಯ ಜೋಮು ಸಾಮಾನ್ಯವಾಗಿ ಎರಡೂ ಕೈಗೆ, ಬಾಯಿಯ ಸುತ್ತ ಬರುತ್ತದೆ. ಕೆಲವರಿಗೆ ಒಂದೇ ಕಡೆ ಬರುವುದೂ ಉಂಟು, ಆದರೆ ಒಂದೇ ಕಡೆ ಬಂದಾಗ, ಮುಖ ಸೊಟ್ಟಗಾದಾಗ, ಕೈ ಎತ್ತಲಾಗದಾಗ 108ಕ್ಕೆ ಕರೆ ಮಾಡಬೇಕು, ವಿಚಾರ ಆಮೇಲೆ. ಮೊದಲ ಸಲ ಬಂದದ್ದು, ನಲವತ್ತು ದಾಟಿದ ಮೇಲೆ ಬಂದದ್ದು ಎಂಥದ್ದೇ ಆಗಲಿ, ಒಮ್ಮೆ ವೈದ್ಯರು ನೋಡಬೇಕು, ಇಸಿಜಿ ತೆಗೆಯಬೇಕು. ಪಾವಗಡದ ಕಡೆ ಇನ್ನೊಂದು ಸಂಗತಿ: ಬೋರ್‌ವೆಲ್ ನೀರಿನ ಫ್ಲೋರೈಡಿನಿಂದ ಬೆನ್ನುಮೂಳೆ ಗಡುಸಾಗಿ ನರಗಳನ್ನು ಒತ್ತಿದಾಗಲೂ ಕಾಲು ಜೋಮು ಹಿಡಿಯುತ್ತದೆ. ಅದು ತಿಂಗಳುಗಟ್ಟಲೆ ಉಳಿಯುತ್ತದೆ, ನಡಿಗೆ ಬಿಗಿಯಾಗುತ್ತದೆ, ಬಂದುಹೋಗುವ ಸ್ವಭಾವ ಅದಕ್ಕಿಲ್ಲ.

ದಾಳಿ ಮರುಕಳಿಸುತ್ತಿದ್ದರೆ, ಬಂದೀತೆಂಬ ಭಯಕ್ಕೇ ಬಸ್ಸು ಹತ್ತುವುದನ್ನೋ ಶಾಲೆಗೆ ಹೋಗುವುದನ್ನೋ ಬಿಟ್ಟರೆ, ಆಗ ಚಿಕಿತ್ಸೆ ಬೇಕಾದ್ದು ಭಯಕ್ಕೆ. ಮಾತಿನ ಚಿಕಿತ್ಸೆಯಲ್ಲಿ ಒಂದು ಹಂತದಲ್ಲಿ ರೋಗಿಯನ್ನು ಎದುರಿಗೆ ಕೂರಿಸಿಕೊಂಡು ಬೇಕೆಂದೇ ಒಂದು ನಿಮಿಷ ಜೋರಾಗಿ ಉಸಿರಾಡಿಸುತ್ತಾರೆ. ಕೈ ಜುಮ್ಮೆನ್ನುತ್ತದೆ, ತಲೆ ತಿರುಗುತ್ತದೆ, ಏನೂ ಆಗದೆ ಇಳಿಯುತ್ತದೆ. ಮತ್ತೆ ಮತ್ತೆ ಮಾಡಿದಂತೆ ಆ ಜೋಮು ಹೆದರಿಸುವ ಶಕ್ತಿ ಕಳೆದುಕೊಳ್ಳುತ್ತದೆ. ಇದನ್ನು ಮನೆಯಲ್ಲಿ ಒಬ್ಬರೇ ಮಾಡಿಕೊಳ್ಳುವಂತಿಲ್ಲ, ಹೃದ್ರೋಗ, ಅಸ್ತಮಾ, ಮೂರ್ಛೆ ಇರುವವರಿಗೆ, ಗರ್ಭಿಣಿಯರಿಗೆ ಮಾಡಿಸುವಂತೆಯೂ ಇಲ್ಲ. ಮೊದಲ ಮಾತಿಗೆ ಬೆಂಗಳೂರಿನ ನಿಮ್ಹಾನ್ಸ್‌ವರೆಗೆ ಹೋಗಬೇಕಿಲ್ಲ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ಪರೀಕ್ಷೆಗೆ ಮುಂಚಿನ ವಾರಗಳಲ್ಲಿ ಮಾಡಿದರೆ ಇನ್ನೂ ಅನುಕೂಲ.